ಸದ್ದಿಲ್ಲದ್ದಕ್ಕೂ ಒಂದು ಸದ್ದು

ಕೇಳುಗರಿಗೆ ನಮಸ್ಕಾರ. ನಿಮ್ಮ ಮನೆಯಲ್ಲಿ ಫೋನ್ ಹಿಡಿದು ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್ ಓದುವ ಮಕ್ಕಳಿದ್ದರೆ ಇವತ್ತು ಅವರನ್ನೂ ರೇಡಿಯೊ ಹತ್ತಿರ ಕೂರಿಸಿ. ಅವರು ಓದುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ನನ್ನ ತಕರಾರು ಇರುವುದೇ ಅಲ್ಲಿ.

ಮಾಂಗಾದಲ್ಲಿ ಮಾತು ಬಲೂನಿನ ಒಳಗೆ ಇರುತ್ತದೆ. ಹೊರಗೆ, ಚಿತ್ರದ ಮೇಲೇ, ಕೈಯಲ್ಲಿ ಬರೆದ ದೊಡ್ಡ ಅಕ್ಷರಗಳಿರುತ್ತವೆ. ಬಾಗಿಲು ಬಡಿದ ಸದ್ದು, ಮಳೆ ಸುರಿದ ಸದ್ದು, ಇದೆಲ್ಲ ಸರಿ. ಆದರೆ ಸದ್ದೇ ಮಾಡದ ಸಂಗತಿಗಳಿಗೂ ಜಪಾನೀಯರು ಸದ್ದು ಕೊಟ್ಟಿದ್ದಾರೆ. ನುಣುಪಿಗೆ ತ್ಸುರುತ್ಸುರು, ಲೋಳೆಗೆ ನುರುನುರು, ಒಳಗೊಳಗೇ ಏರುವ ಸಿಟ್ಟಿಗೆ ಇರಾಇರಾ. ಇಂತಹ ಪದಗಳನ್ನು ಗಿತಾಯ್ಗೊ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಇವಕ್ಕೆ ಜೋಡಿ ಸಿಗುವುದು ಕಷ್ಟ. ಕನ್ನಡದಲ್ಲಿ? ಥಳಥಳ, ಜಿಗಿಜಿಗಿ, ಮಿಣಮಿಣ, ರಾಶಿ ಬಿದ್ದಿವೆ! ಹಾಗಾಗಿ ನಾನು ಹೇಳುವುದು ಒಂದೇ, ಮಾಂಗಾವನ್ನು ಕನ್ನಡಕ್ಕೆ ತರುವಾಗ ದಯವಿಟ್ಟು ಇಂಗ್ಲಿಷಿನ ಮೂಲಕ ತರಬೇಡಿ.

ಯಾಕೆ ಅಂತ ಒಂದು ಪ್ರಸಂಗ ಹೇಳುತ್ತೇನೆ. ಒಮ್ಮೆ ನನ್ನ ಜಪಾನಿ ತರಗತಿಯಲ್ಲಿ ಒಂದು ಪುಟವನ್ನು ಅನುವಾದಕ್ಕೆ ಕೊಟ್ಟಿದ್ದೆ. ಹುಡುಗನೊಬ್ಬ ಶಾಲೆಯಲ್ಲಿ ಎದ್ದು ನಿಂತು ಜೋಕ್ ಹೇಳುತ್ತಾನೆ. ಮುಂದಿನ ಚೌಕದಲ್ಲಿ ಯಾರೂ ನಕ್ಕಿಲ್ಲ. ಮೇಲೆ ದೊಡ್ಡದಾಗಿ "ಶೀ...ನ್" ಅಂತ ಬರೆದಿದೆ, ಸ್ವರ ಎಳೆಯಲು ಜಪಾನಿಯಲ್ಲಿ ನಡುವೆ ಹಾಕುವ ಗೆರೆಯನ್ನು ಚೌಕದ ಆ ತುದಿಯಿಂದ ಈ ತುದಿಯವರೆಗೆ ಎಳೆದಿದ್ದಾರೆ. ಗೆರೆ ಉದ್ದವಾದಷ್ಟೂ ಆ ಹುಡುಗನ ಸಂಕಟವೂ ಉದ್ದ! ಶೀನ್ ಅಂದರೆ ಏನೂ ಕೇಳಿಸದಿರುವ ಸದ್ದು. ಇದನ್ನು ಮಾಂಗಾದಲ್ಲಿ ಬರೆಯಲು ಶುರು ಮಾಡಿದ್ದು ತಾನೇ ಅಂತ ಜಪಾನಿನ ಹೆಸರಾಂತ ಮಾಂಗಾ ಕಲಾವಿದ ಒಸಾಮು ತೆಜುಕಾ ಹೇಳಿಕೊಂಡಿದ್ದರು, ಆದರೆ ಪದ ಮಾತ್ರ ಅದಕ್ಕೂ ಹಳೆಯದು.

ಇಂಗ್ಲಿಷ್ ಪ್ರತಿಯಲ್ಲಿ ಅಲ್ಲಿ ಬರೀ "ಸೈಲೆನ್ಸ್" ಅಂತಿತ್ತು. ಅದನ್ನು ನೋಡಿಕೊಂಡು ಒಬ್ಬ "ಮೌನ" ಅಂತ ಬರೆದ. ಶೋಕಸಭೆಯ ಥರ ಆಯಿತು. ಇನ್ನೊಬ್ಬ "ನಿಶ್ಶಬ್ದ" ಅಂದ, ಅದು ಆಸ್ಪತ್ರೆಯ ಗೋಡೆಯ ಬೋರ್ಡು. ಮೂರನೆಯವನು "ಶ್" ಅಂತ ಬರೆದ, ಹಾಗೆ ಬರೆದರೆ ಮೇಷ್ಟ್ರು ಗದರಿಸಿದ ಹಾಗಾಗುತ್ತದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹೆಣ್ಣುಮಗಳು ಮೆಲ್ಲಗೆ "ಬಿಕೋ" ಅಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ! ಬೀದಿ ಬಿಕೋ ಅನ್ನುತ್ತಿತ್ತು ಅನ್ನುತ್ತೇವಲ್ಲ, ಬೀದಿ ಏನನ್ನೂ ಅನ್ನುವುದಿಲ್ಲ, ಆದರೂ ನಮಗೆ ಕೇಳಿಸುತ್ತದೆ. ಶೀನ್ ಕೂಡ ಅದೇ ಜಾತಿ.

ಅಷ್ಟರಲ್ಲಿ ಪಕ್ಕದವರು ತಕರಾರು ತೆಗೆದರು. "ಸರ್, ಬಿಕೋ ಅನ್ನೋದು ಖಾಲಿ ಮನೆಗೆ. ಇಲ್ಲಿ ಕ್ಲಾಸ್ ತುಂಬಾ ಹುಡುಗರಿದ್ದಾರಲ್ಲ?" ಅವರ ಮಾತೂ ನಿಜ. ಜನ ಇದ್ದೂ ಸುಮ್ಮನಾದರೆ ನಾವು ತುಟಿ ಪಿಟಕ್ ಅನ್ನಲಿಲ್ಲ ಅನ್ನುತ್ತೇವೆ. ಆದರೆ ಚಿತ್ರದ ಮೇಲೆ "ಪಿಟಕ್" ಅಂತ ಬರೆದರೆ ತುಟಿ ಸದ್ದು ಮಾಡಿದ ಹಾಗಾಯಿತು, ಪೂರಾ ಉಲ್ಟಾ. ಅರ್ಧ ಗಂಟೆ ಜಗಳವಾಡಿ ಕೊನೆಗೆ "ಗಪ್‌ಚುಪ್" ಅಂತ ಬರೆದೆವು. ಅದೇ ಕಥೆಯಲ್ಲಿ ಮುಂದೆ ರಾತ್ರಿಯ ಖಾಲಿ ಬೀದಿಯ ಚೌಕ ಬರುತ್ತದೆ, ಅಲ್ಲಿಯೂ ಅದೇ ಶೀನ್. ಅಲ್ಲಿಗೆ ಬಿಕೋ ಹಾಕಿದೆವು, "ಕೋ"ವನ್ನು ಬೀದಿಯುದ್ದಕ್ಕೂ ಎಳೆದು. ಜಪಾನಿಯಲ್ಲಿ ಒಂದೇ ಪದ, ಕನ್ನಡದಲ್ಲಿ ಎರಡು. "ಸೈಲೆನ್ಸ್" ಅನ್ನೇ ನೋಡುತ್ತಾ ಕೂತಿದ್ದರೆ ಎರಡೂ ಸಿಗುತ್ತಿರಲಿಲ್ಲ.

ಅಯ್ಯೋ, ಸಮಯ ಓಡುತ್ತಿದೆ. ಬೇಗ ಹೇಳಿಬಿಡುತ್ತೇನೆ. ಜಪಾನಿ ಲಿಪಿಯಲ್ಲಿ "ಕ"ದ ಪಕ್ಕ ಎರಡು ಪುಟ್ಟ ಗೀಟು ಎಳೆದರೆ "ಗ" ಆಗುತ್ತದೆ. ಆಗ ವಸ್ತುವೂ ಭಾರವಾಗುತ್ತದೆ. ಗೋಲಿ ಉರುಳಿದರೆ ಕೊರೊಕೊರೊ, ಬಂಡೆ ಉರುಳಿದರೆ ಗೊರೊಗೊರೊ. ನಮ್ಮಲ್ಲೂ ಪುಟ್ಟ ಗೆಜ್ಜೆ ಕಿಣಿಕಿಣಿ, ದೇವಸ್ಥಾನದ ಗಂಟೆ ಗಣಗಣ ಅಲ್ವಾ? ಆದರೆ ಸದ್ದು ಒಂದೇ ಅಂತ ಮೋಸ ಹೋಗಬೇಡಿ. ಅವರ ಸರಾಸರಾ ಅಂದರೆ ಒಣ ಮರಳೋ ಕೂದಲೋ ಕೈಯಿಂದ ನವಿರಾಗಿ ಜಾರಿದ ಹಾಗೆ, ನಮ್ಮ ಸರಸರ ಬೇಗ ಬೇಗ ನಡೆಯುವುದಕ್ಕೆ. ಅದೇ ಸರಾಸರಾಕ್ಕೆ ಗೀಟು ಬಿದ್ದು ಜರಾಜರಾ ಆದರೆ ಮುಟ್ಟಿದಾಗ ಒರಟು, ನಮ್ಮ ತರಿತರಿ.

ಎದೆಯ ದೊಕಿದೊಕಿಗೆ ಡವಡವ ಇದೆ, ಅದನ್ನು ವಿವರಿಸುವುದೇ ಬೇಡ. ಕೊನೆಯದಾಗಿ ಪೆಕೊಪೆಕೊ. ಮಾಂಗಾದಲ್ಲಿ ಹುಡುಗ ಹೊಟ್ಟೆ ಹಿಡಿದು ಕೂತಿದ್ದಾನೆ, ಪಕ್ಕದಲ್ಲಿ ಪೆಕೊಪೆಕೊ ಅಂತ ಬರೆದಿದೆ. ಇಂಗ್ಲಿಷಿನವರು "ಹಂಗ್ರಿ" ಅಂತ ಬರೆದು ಮುಗಿಸುತ್ತಾರೆ. ನೀವು ಅದನ್ನು ನೋಡಿ "ಹಸಿವು" ಅಂತ ಬರೆಯಬೇಡಿ, ಚುರುಚುರು ಅಂತ ಬರೆಯಿರಿ. ನಮಸ್ಕಾರ.