ಒಣಗಿದ ಬೇರಿಂಗ್, ಕಪ್ಪಾದ ಗ್ರೀಸ್

ಕೇಳುಗರಿಗೆ ನಮಸ್ಕಾರ. ನನ್ನ ತ್ರೀಡಿ ಪ್ರಿಂಟರ್ ದಿನಕ್ಕೆ ಸುಮಾರು 14 ಗಂಟೆ ಓಡುತ್ತದೆ. ಹಾಗೆ ಓಡುತ್ತಿದ್ದ ಒಂದು ರಾತ್ರಿ, ಪ್ರಿಂಟಿನ ಹನ್ನೊಂದನೇ ಗಂಟೆಯಲ್ಲಿ, ಅರ್ಧ ಮುಗಿದ ಡಬ್ಬಿಯ ಮೇಲಿನ ಭಾಗ ಪಕ್ಕಕ್ಕೆ ಸರಿದು ಕೂತಿತ್ತು. ಕೆಳಗಿನ ಪದರಗಳೆಲ್ಲ ನೇರ, ಅಲ್ಲಿಂದ ಮೇಲೆ ಎರಡು ಮಿಲಿಮೀಟರ್ ಆಚೆ.

ನಾನು ಮೊದಲು ಬೈದಿದ್ದು ಮೋಟರನ್ನು. ತಪ್ಪು ಅದರದ್ದಾಗಿರಲಿಲ್ಲ. ಕರೆಂಟ್ ತೆಗೆದು, ಪ್ಲಾಸ್ಟಿಕ್ ಸುರಿಯುವ ಹೆಡ್ಡನ್ನು ಅದರ ರಾಡಿನ ಮೇಲೆ ಕೈಯಲ್ಲಿ ನಿಧಾನವಾಗಿ ತಳ್ಳಿದೆ. ನಯವಾಗಿ ಜಾರಬೇಕಿದ್ದದ್ದು ಒಂದು ಜಾಗದಲ್ಲಿ ಮರಳಿನ ಮೇಲೆ ಹೋದ ಹಾಗೆ ಕರಕರ ಎಂದಿತು. ರಾಡಿನ ಮೇಲೆ ಉಗುರು ಎಳೆದರೆ ಸಣ್ಣ ಗೀರು ಸಿಕ್ಕಿತು. ಹೆಡ್ಡನ್ನು ಹೊತ್ತು ರಾಡಿನ ಮೇಲೆ ಜಾರುವ ಬೇರಿಂಗ್ ಅಲ್ಲಿ ಬಿಗಿದಾಗ ಮೋಟರ್ ಕೆಲವು ಹೆಜ್ಜೆ ತಪ್ಪಿಸಿಕೊಂಡಿದೆ. ಹೆಡ್ ಎಲ್ಲಿದೆ ಅಂತ ಅಳೆಯುವ ವ್ಯವಸ್ಥೆ ಆ ಪ್ರಿಂಟರಿನಲ್ಲಿ ಇಲ್ಲ. ತಪ್ಪಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ, ಅದರ ಪಾಡಿಗೆ ಪ್ರಿಂಟ್ ಮುಂದುವರಿಸುತ್ತದೆ.

ನಿಜ ಹೇಳಬೇಕೆಂದರೆ, ಅದಕ್ಕೆ ಎರಡು ವಾರ ಮೊದಲೇ ಕೀಚು ಸದ್ದು ಬಂದಿತ್ತು. ಆಗ ನಾನು ಸುಮ್ನೆ ರಾಡಿನ ಮೇಲೆ ಎಣ್ಣೆ ಬಿಟ್ಟಿದ್ದೆ. ಸದ್ದು ನಿಂತಿತು, ಖುಷಿಯಾಯಿತು. ಆದರೆ ಒಳಗಿದ್ದ ಧೂಳು, ಸವೆದ ಲೋಹದ ಪುಡಿ, ಹಳೇ ಗ್ರೀಸ್ ಎಲ್ಲ ಆ ಎಣ್ಣೆಯಲ್ಲಿ ಕಲಸಿ ಉಜ್ಜುವ ಪೇಸ್ಟ್ ಆಯಿತು. ತುಕ್ಕು ಬಿಡಿಸುವ ತೆಳು ಸ್ಪ್ರೇ ಹೊಡೆಯುವುದೂ ಇಂಥದ್ದೇ ತಪ್ಪು. ಅದು ಇರುವ ಗ್ರೀಸನ್ನೂ ತೊಳೆದುಕೊಂಡು ಹೋಗುತ್ತದೆ.

ಹಾಗಾಗಿ ಬೇರಿಂಗನ್ನೇ ಬಿಚ್ಚಬೇಕಾಯಿತು. ನನ್ನದರಲ್ಲಿ ಇರುವುದು ಎಲ್‌ಎಂ8ಯುಯು, 8 ಮಿಲಿಮೀಟರ್ ರಾಡಿಗೆ ಕೂರುವ ಬೇರಿಂಗ್. ಒಳಗೆ ಸಣ್ಣ ಉಕ್ಕಿನ ಗುಂಡುಗಳು ಸಾಲಾಗಿ ಸುತ್ತುತ್ತವೆ. ಯಂತ್ರ ತಣ್ಣಗಾದ ಮೇಲೆ ಬೆಲ್ಟ್ ಸಡಿಲ ಮಾಡಿ, ರಾಡನ್ನು ನೇರವಾಗಿ ಹೊರಗೆ ಎಳೆದೆ. ಬೇರಿಂಗನ್ನು ಮುಚ್ಚಳವಿರುವ ಗಾಜಿನ ಸಣ್ಣ ಬಾಟಲಿಗೆ ಹಾಕಿ, ಮುಳುಗುವಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದು ಕುಲುಕಿದೆ. ಮೊದಲ ಸಲ ಬಂದದ್ದು ಕಾಡಿಗೆ ಬಣ್ಣದ ನೀರು. ಎರಡನೇ ಸಲ ಬೂದಿ ಬಣ್ಣ. ನಾಲ್ಕನೇ ಸಲಕ್ಕೆ ತಿಳಿಯಾಯಿತು. ಈ ಕೆಲಸ ಕಿಟಕಿ ತೆರೆದು, ಬೆಂಕಿಯಿಂದ ದೂರ ಮಾಡಿ. ಆಮೇಲೆ ರಾತ್ರಿಯಿಡೀ ಒಣಗಲು ಬಿಟ್ಟೆ. ಆಲ್ಕೋಹಾಲ್ ಒಳಗೆ ಉಳಿದರೆ ಹೊಸ ಗ್ರೀಸ್ ತೆಳುವಾಗುತ್ತದೆ.

ಗ್ರೀಸ್ ತುಂಬುವುದಕ್ಕೆ ತಾಳ್ಮೆ ಬೇಕು. ರಾಡಿಗೆ ಸವರಿದರೆ ಒಳಗೆ ಹೋಗುವುದೇ ಇಲ್ಲ, ಬೇರಿಂಗಿನ ಬಾಯಲ್ಲಿರುವ ರಬ್ಬರ್ ಅದನ್ನು ಹೊರಗೇ ಒರೆಸಿಬಿಡುತ್ತದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಸಾಧಾರಣ ಲಿಥಿಯಂ ಗ್ರೀಸ್ ತೆಗೆದುಕೊಂಡು, ಬೇರಿಂಗ್ ತಿರುಗಿಸುತ್ತಾ ಒಂದೊಂದು ಗುಂಡಿನ ಸಾಲಿಗೂ ಒತ್ತಿದೆ. ರಾಡನ್ನು ವಾಪಸ್ ಹಾಕುವಾಗ ಓರೆ ಮಾಡಬಾರದು, ಗುಂಡು ಉದುರಬಹುದು. ಗೀರು ಬಿದ್ದ ಜಾಗ ಬೇರೆ ಬದಿಗೆ ಬರುವಂತೆ ರಾಡನ್ನು ಸ್ವಲ್ಪ ತಿರುಗಿಸಿ ಕೂರಿಸಿದೆ. ತಾತ್ಕಾಲಿಕ ಉಪಾಯ ಅಷ್ಟೇ, ರಾಡ್ ಬದಲಿಸಲೇಬೇಕು.

ನಿಮ್ಮದರಲ್ಲಿ ಇರುವುದು ಪ್ಲಾಸ್ಟಿಕ್ಕಿನ ಒಣ ಬುಷ್ ಆದರೆ ಗ್ರೀಸ್ ಮುಟ್ಟಿಸಬೇಡಿ. ಚಪ್ಪಟೆ ರೇಲ್ ಇದ್ದರೆ, ಅದರ ಮೇಲೆ ಓಡುವ ಗಾಡಿಯನ್ನು ತುದಿಯಿಂದ ಹೊರಗೆ ಜಾರಿಸಬೇಡಿ. ಗುಂಡುಗಳು ನೆಲದ ಮೇಲೆ ಚೆಲ್ಲಿದರೆ ಹುಡುಕುತ್ತಾ ಕೂರಬೇಕಾಗುತ್ತದೆ.

ಎತ್ತರಕ್ಕೆ ಏರಿಸಿ ಇಳಿಸುವ ಉದ್ದನೆಯ ಲೀಡ್ ಸ್ಕ್ರೂ ಇಷ್ಟು ಕಷ್ಟ ಕೊಡುವುದಿಲ್ಲ. ಆದರೆ ಅದರ ದೂರು ಪ್ರಿಂಟಿನ ಗೋಡೆಯ ಮೇಲೆ ಕಾಣುತ್ತದೆ. ಸಾಮಾನ್ಯವಾಗಿ ಸಿಗುವ ಸ್ಕ್ರೂ ಒಂದು ಸುತ್ತಿಗೆ ನಟ್ಟನ್ನು 8 ಮಿಲಿಮೀಟರ್ ಏರಿಸುತ್ತದೆ. ಎತ್ತರದ ಪ್ರಿಂಟಿನಲ್ಲಿ ಪ್ರತಿ 8 ಮಿಲಿಮೀಟರಿಗೆ ಒಂದು ಗೆರೆ ಎದ್ದರೆ ನೋಡಬೇಕಾದದ್ದು ಅಲ್ಲೇ. ಕೊಳೆಯಾದರೆ ಒರೆಸಿದ ಮೇಲೆ ಗೆರೆ ಹೋಗುತ್ತದೆ, ಹೋಗದಿದ್ದರೆ ಸ್ಕ್ರೂ ಬಾಗಿರಬಹುದು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಎಳೆಗಳ ಕಪ್ಪು ಗ್ರೀಸ್ ಬಿಡಿಸಿ, ಬಟ್ಟೆಯಲ್ಲಿ ಒರೆಸಿ, ಅಕ್ಕಿ ಕಾಳಿನಷ್ಟು ಗ್ರೀಸನ್ನು ನಾಲ್ಕೈದು ಕಡೆ ಇಡಿ. ನಟ್ಟನ್ನು ಮೇಲಿಂದ ಕೆಳಗೆ ಮೂರು ಸಲ ಓಡಿಸಿದರೆ ತಾನೇ ಹರಡುತ್ತದೆ. ಜಾಸ್ತಿ ಹಾಕಿದರೆ ಧೂಳು ಹಿಡಿಯುತ್ತದೆ, ಪ್ರಿಂಟ್ ಕೂರುವ ಬೆಡ್ ಮೇಲೆ ತೊಟ್ಟಿಕ್ಕಿದರೆ ಮೊದಲ ಪದರ ಅಂಟುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳುತ್ತೀರಿ, ಅಲ್ವಾ? ನಾನು ದಿನ ಲೆಕ್ಕ ಹಾಕುವುದಿಲ್ಲ, ಗಂಟೆ ಬರೆದಿಡುತ್ತೇನೆ. ತಿಂಗಳಿಗೆ 420 ಗಂಟೆ ಆಗುತ್ತದೆ. ವಾರಕ್ಕೆ ನಾಲ್ಕು ಗಂಟೆ ಓಡಿಸುವವರಿಗೆ ಅಷ್ಟಾಗಲು ಎರಡು ವರ್ಷ ಬೇಕು. ವಾರಕ್ಕೊಮ್ಮೆ ರಾಡ್ ಒರೆಸುತ್ತೇನೆ, ತಿಂಗಳಿಗೊಮ್ಮೆ ಸ್ಕ್ರೂ. ಬೇರಿಂಗ್ ಬಿಚ್ಚುವುದು ಕೈಗೆ ಕರಕರ ಸಿಕ್ಕಾಗ ಮಾತ್ರ. ಆವತ್ತು ಎಲ್ಲ ಜೋಡಿಸಿದ ಮೇಲೆ ಒಂದು ಗಂಟೆಯ ಸಣ್ಣ ಪ್ರಿಂಟ್ ಹಾಕಿದೆ. ರಾಡಿನ ಎರಡೂ ತುದಿಯಲ್ಲಿ ಹೆಚ್ಚಿನ ಗ್ರೀಸ್ ಉಂಗುರದ ಹಾಗೆ ಬಂದು ನಿಂತಿತ್ತು. ಬೆರಳಲ್ಲಿ ತೆಗೆದು ನೋಡಿದೆ, ಬಿಳಿಯಾಗಿಯೇ ಇತ್ತು. ಅದನ್ನು ಒರೆಸಿ, 14 ಗಂಟೆಯ ಕೆಲಸ ಶುರು ಮಾಡಿದೆ.