ಕೆಲಸ ಒಪ್ಪಿದೆ, ತಾರೀಖು ಮುಂದೆ ಹಾಕಿ

ಕೇಳುಗರೇ, ನಮಸ್ಕಾರ.

ಹುಬ್ಬಳ್ಳಿಯಲ್ಲಿ ಅಕೌಂಟೆಂಟ್ ಆಗಿರುವ ಒಬ್ಬ ಹೆಣ್ಣುಮಗಳಿಗೆ ಬೆಂಗಳೂರಿನ ಒಂದು ಕಂಪನಿಯಿಂದ ಮೇ 30, ಶುಕ್ರವಾರ ಸಂಜೆ ಆಫರ್ ಮೇಲ್ ಬಂತು ಎಂದುಕೊಳ್ಳಿ. ಸಂಬಳ ಚೆನ್ನಾಗಿದೆ, ಹುದ್ದೆಯೂ ಅವಳು ಬಯಸಿದ್ದೇ. ಪತ್ರದಲ್ಲಿ ಎರಡು ತಾರೀಖುಗಳಿವೆ. ಜೂನ್ 4ರ ಒಳಗೆ ಉತ್ತರ ಕೊಡಬೇಕು, ಜುಲೈ 1ಕ್ಕೆ ಸೇರಬೇಕು. ಆದರೆ ಈಗಿನ ಕಚೇರಿಯಲ್ಲಿ ಅವಳ ನೋಟಿಸ್ ಅವಧಿ 60 ದಿನ. ಕೆಲಸ ಬೇಕು, ಆದರೆ ಆ ತಾರೀಖಿಗೆ ಆಗಲ್ಲ. ಇದಕ್ಕೆ ಉತ್ತರ ಹೇಗೆ ಬರೆಯಬೇಕು ಅನ್ನುವುದೇ ಇವತ್ತಿನ ಮಾತು.

ಮೊದಲು ಮನಸ್ಸಿಗೆ ಬರುವ ಸಾಲು ಹೀಗಿರುತ್ತದೆ: "ಆಗಸ್ಟ್‌ನಲ್ಲಿ ಸೇರಲು ಬಿಟ್ಟರೆ ಮಾತ್ರ ಈ ಕೆಲಸ ಒಪ್ಪುತ್ತೇನೆ." ಓದಲು ಸರಿಯಾಗೇ ಇದೆ, ಅಲ್ವಾ? ತೊಂದರೆ ಇರುವುದು ಆ "ಬಿಟ್ಟರೆ ಮಾತ್ರ" ಅನ್ನುವಲ್ಲಿ. ನಮ್ಮ 1872ರ ಕರಾರು ಕಾಯ್ದೆಯ 7ನೇ ಕಲಮು ಒಪ್ಪಿಗೆ ಪೂರ್ತಿಯಾಗಿರಬೇಕು, ಷರತ್ತಿಲ್ಲದೆ ಇರಬೇಕು ಎನ್ನುತ್ತದೆ. ಷರತ್ತು ಹಾಕಿದರೆ ಅದು ಒಪ್ಪಿಗೆಯಲ್ಲ, ನಮ್ಮ ಕಡೆಯಿಂದ ಹೋದ ಹೊಸ ಪ್ರಸ್ತಾಪ.

ಇದನ್ನು ತಿಳಿಯಲು ಇಂಗ್ಲೆಂಡಿನ ಎರಡು ಹಳೆಯ ಮೊಕದ್ದಮೆಗಳಿವೆ. 1840ರದ್ದು ಹೈಡ್ ಮತ್ತು ರೆಂಚ್ ಅನ್ನುವವರ ನಡುವಿನದು. ರೆಂಚ್ ತನ್ನ ಜಮೀನನ್ನು 1,000 ಪೌಂಡಿಗೆ ಕೊಡುತ್ತೇನೆ ಎಂದ. ಹೈಡ್ 950ಕ್ಕೆ ಕೇಳಿದ. ರೆಂಚ್ ಆಗಲ್ಲ ಎಂದ. ಸರಿ, 1,000ಕ್ಕೇ ತಗೋತೀನಿ ಎಂದು ಹೈಡ್ ಮತ್ತೆ ಬರೆದ. ಕೋರ್ಟು ಒಪ್ಪಲಿಲ್ಲ. 950 ಎಂದ ಕ್ಷಣವೇ 1,000ದ ಪ್ರಸ್ತಾಪ ಸತ್ತುಹೋಯಿತು, ಈಗ ಅದನ್ನು ಎಬ್ಬಿಸಲು ನಿನ್ನಿಂದಾಗದು ಎಂದಿತು.

ಇನ್ನೊಂದು 1880ರದ್ದು, ಸ್ಟೀವನ್ಸನ್ ಮತ್ತು ಮೆಕ್ಲೀನ್ ಪ್ರಕರಣ. ಇದು ಕಬ್ಬಿಣದ ವ್ಯಾಪಾರ, ಮತ್ತು ಇಲ್ಲಿ ಕೇಳಿದ್ದೂ ಸಮಯವನ್ನೇ. ಟನ್ನಿಗೆ 40 ಶಿಲಿಂಗ್, ನಗದು ಎಂದು ಮಾರುವವನು ಹೇಳಿದ್ದ. ಕೊಳ್ಳುವವರು ತಂತಿ ಕಳಿಸಿದರು: ಎರಡು ತಿಂಗಳಲ್ಲಿ ಮಾಲು ತಲುಪಿಸುವುದಾದರೆ 40ಕ್ಕೆ ಒಪ್ಪುತ್ತೀರಾ, ಇಲ್ಲದಿದ್ದರೆ ಹೆಚ್ಚೆಂದರೆ ಎಷ್ಟು ಸಮಯ ಕೊಡುತ್ತೀರಿ? ಮಾರುವವನು ಇದನ್ನು ತಿರಸ್ಕಾರ ಎಂದುಕೊಂಡು ಮಾಲನ್ನು ಬೇರೆಯವರಿಗೆ ಕೊಟ್ಟ. ಆ ಸುದ್ದಿ ಮುಟ್ಟುವ ಮೊದಲೇ ಕೊಳ್ಳುವವರು ಒಪ್ಪಿಗೆಯ ತಂತಿ ಕಳಿಸಿದ್ದರು. ಕೋರ್ಟು ಅವರ ಪರ ನಿಂತಿತು. ಅವರು ಕೇಳಿದ್ದು ಬರೀ ಒಂದು ಪ್ರಶ್ನೆ, ಹೊಸ ಪ್ರಸ್ತಾಪವಲ್ಲ ಎಂದಿತು.

ನಮ್ಮ ಕಂಪನಿಗಳ ಆಫರ್ ಪತ್ರಗಳು ಕೋರ್ಟಿನ ತನಕ ಹೋಗುವುದು ತೀರಾ ಕಡಿಮೆ. ಆದರೂ ಎಚ್ಆರ್ ಮೇಜಿನ ಮುಂದೆ ಕೂತವರು ನಿಮ್ಮ ಮೇಲನ್ನು ಹೆಚ್ಚುಕಡಿಮೆ ಇದೇ ಕಣ್ಣಿನಿಂದ ಓದುತ್ತಾರೆ. ಇವರು ಬಂದರೋ, ಇನ್ನೂ ಚೌಕಾಸಿಯಲ್ಲಿದ್ದಾರೋ? ಎರಡನೆಯದು ಅನ್ನಿಸಿದರೆ ಪಟ್ಟಿಯಲ್ಲಿ ಮುಂದಿನವರಿಗೆ ಫೋನ್ ಹೋಗುತ್ತದೆ. ಅದಕ್ಕೇ ಒಪ್ಪಿಗೆ ಒಂದು ಪ್ಯಾರಾದಲ್ಲಿರಲಿ, ವಿನಂತಿ ಇನ್ನೊಂದರಲ್ಲಿರಲಿ. ನಡುವೆ "ಆದರೆ" ಬೇಡ.

ಬರೆಯುವ ಮೊದಲು ಲೆಕ್ಕ ಮಾಡಬೇಕು. ಬಹಳ ಜನ ಸುಮ್ನೆ "ಎರಡು ತಿಂಗಳು ಬೇಕು" ಎಂದು ಬರೆದುಬಿಡುತ್ತಾರೆ. ಎಲ್ಲಿಂದ ಎರಡು ತಿಂಗಳು? ನಮ್ಮ ಹುಡುಗಿ ಜೂನ್ 5, ಗುರುವಾರ ರಾಜೀನಾಮೆ ಕೊಡುತ್ತಾಳೆ ಎನ್ನೋಣ. ಮರುದಿನದಿಂದ ಎಣಿಸಿದರೆ ಜೂನ್‌ನಲ್ಲಿ 25 ದಿನ, ಜುಲೈನಲ್ಲಿ 31. ಅಲ್ಲಿಗೆ 56. ಉಳಿದ ನಾಲ್ಕು ದಿನ ಸೇರಿಸಿದರೆ ಆಗಸ್ಟ್ 4, ಸೋಮವಾರ ಕೊನೆಯ ದಿನ. ಸಾಮಾನ್ಯವಾಗಿ ಭಾನುವಾರ, ರಜೆ ಎಲ್ಲ ಇದರಲ್ಲೇ ಸೇರಿರುತ್ತವೆ. ಆದರೆ ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ಮುಂದಕ್ಕೆ ತಳ್ಳುವ ಕಚೇರಿಗಳೂ ಇವೆ. ತನ್ನ ನೇಮಕಾತಿ ಪತ್ರವನ್ನು ಹುಡುಕಿ ತೆಗೆದು ಓದಬೇಕಾದ್ದು ಆಗಲೇ. ಆಮೇಲೆ ಊರು ಬದಲಾಯಿಸಲು, ಮನೆ ನೋಡಲು ಕೆಲವು ದಿನ ಬೇಕು. ಹಾಗಾಗಿ ಆಗಸ್ಟ್ 11, ಸೋಮವಾರ.

ಜೂನ್ 2ರ ಬೆಳಗ್ಗೆ ಅವಳು ಬರೆಯುವ ಮೇಲ್ ಇಂಗ್ಲಿಷಿನಲ್ಲೇ ಇರುತ್ತದೆ. ಅದರ ಹುರುಳನ್ನು ನಮ್ಮ ಮಾತಿನಲ್ಲಿ ಓದುತ್ತೇನೆ.

"ಮೇ 30ರ ನಿಮ್ಮ ಆಫರ್ ಪತ್ರ ತಲುಪಿತು, ಧನ್ಯವಾದ. ಸೀನಿಯರ್ ಅಕೌಂಟೆಂಟ್ ಹುದ್ದೆಯನ್ನೂ ಪತ್ರದಲ್ಲಿರುವ ಸಂಬಳವನ್ನೂ ಸಂತೋಷದಿಂದ ಒಪ್ಪಿದ್ದೇನೆ.

ಸೇರುವ ದಿನದ ಬಗ್ಗೆ ಒಂದು ವಿನಂತಿ. ಈಗಿನ ಕಚೇರಿಯಲ್ಲಿ ನನಗೆ 60 ದಿನಗಳ ನೋಟಿಸ್ ಇದೆ. ಜೂನ್ 5ರಂದು ರಾಜೀನಾಮೆ ಕೊಟ್ಟರೆ ಆಗಸ್ಟ್ 4 ನನ್ನ ಕೊನೆಯ ದಿನ. ಜುಲೈ 1ರ ಬದಲು ಆಗಸ್ಟ್ 11ರಂದು ಸೇರಲು ಅವಕಾಶ ಕೊಡಲು ಸಾಧ್ಯವೇ? ಬೇಗ ಬೇಕೆಂದರೆ ಆಗಸ್ಟ್ 6ಕ್ಕೂ ಬರಬಲ್ಲೆ. ಜೂನ್ 4ರ ಒಳಗೆ ಹೊಸ ತಾರೀಖನ್ನು ಮೇಲ್‌ನಲ್ಲಿ ಖಚಿತಪಡಿಸಿದರೆ ಮರುದಿನವೇ ರಾಜೀನಾಮೆ ಕೊಡುತ್ತೇನೆ."

ಇಷ್ಟೇ. ಕಾರಣ ಒಂದೇ ಸಾಲು. ಜುಲೈ 1 ಕೆಲವು ವರ್ಷ ಆಷಾಢದಲ್ಲೇ ಬರುತ್ತದೆ, ಮನೆಯಲ್ಲಿ ಹಿರಿಯರು ಹೊಸ ಕೆಲಸ ಈಗ ಬೇಡ ಅಂದಿರಲೂಬಹುದು. ಅದು ಮೇಲ್‌ನಲ್ಲಿ ಬರುವುದು ಬೇಕಿಲ್ಲ. ನೋಟಿಸ್ ಅವಧಿಯಾದರೆ ಕಾಗದದ ಮೇಲೆ ತೋರಿಸಬಹುದಾದ ಕಾರಣ. ಕೊನೆಯ ಸಾಲಿಗೂ ಒಂದು ಕೆಲಸವಿದೆ. ಅವರು ಉತ್ತರಕ್ಕೆ ತಡಮಾಡಿದಷ್ಟೂ ದಿನ ಇವಳು ಬರುವುದೂ ತಡವಾಗುತ್ತದೆ ಎಂಬುದನ್ನು ಅದು ಜಗಳವಿಲ್ಲದೆ ಹೇಳುತ್ತದೆ.

ಈಗ ಕೆಡುವ ಕಡೆಗಳು. ಮೇಲ್ ನೋಡಿದ ಎಚ್ಆರ್‌ನವರು ಫೋನ್ ಮಾಡಿ, "ಪರವಾಗಿಲ್ಲ ಮೇಡಂ, ಆಗಸ್ಟ್‌ನಲ್ಲೇ ಬನ್ನಿ" ಅನ್ನಬಹುದು. ಒಳ್ಳೆಯ ಮಾತೇ. ಆದರೆ ಹೇಳಿದ ದಿನ ಸೇರದಿದ್ದರೆ ಆಫರ್ ತಾನಾಗಿ ರದ್ದು ಎಂಬ ಸಾಲು ಅನೇಕ ಪತ್ರಗಳಲ್ಲಿ ಕೊನೆಯ ಪುಟದಲ್ಲಿ ಇರುತ್ತದೆ. ಫೋನಿನಲ್ಲಿ ಮಾತಾಡಿದವರು ಜುಲೈನಲ್ಲಿ ಆ ಕಂಪನಿಯಲ್ಲೇ ಇರುತ್ತಾರೆ ಎಂದು ಯಾರು ಹೇಳಬೇಕು? ಆ ಸಂಜೆಯೇ ಎರಡು ಸಾಲು ಬರೆಯಿರಿ: ಇವತ್ತು ಫೋನಿನಲ್ಲಿ ಹೀಗೆ ಮಾತಾಯಿತು, ದಯವಿಟ್ಟು ಇದಕ್ಕೆ ಉತ್ತರಿಸಿ ಖಚಿತಪಡಿಸಿ. ಹೊಸ ತಾರೀಖಿನ ಪತ್ರವನ್ನೇ ಕೊಟ್ಟರೆ ಇನ್ನೂ ವಾಸಿ.

ಕೆಲವು ಕಂಪನಿಗಳು ವೆಬ್‌ಸೈಟಿನಲ್ಲಿ ಒಪ್ಪಿಗೆಯ ಗುಂಡಿ ಒತ್ತಲು ಹೇಳುತ್ತವೆ. ಆ ಪರದೆಯಲ್ಲಿ ಜುಲೈ 1 ಎಂದೇ ಇದ್ದರೆ ಮೊದಲು ಮೇಲ್ ಹೋಗಲಿ, ತಾರೀಖು ಬದಲಾದ ಮೇಲೆ ಗುಂಡಿ ಒತ್ತಿ. ಗಡುವು ಮುಗಿಯುತ್ತ ಬಂದರೆ ಎಚ್ಆರ್‌ಗೆ ಕೇಳಿಯೇ ಒತ್ತಿ.

ಜುಲೈ 1 ಎಂದು ಒಪ್ಪಿಕೊಂಡು ಆಮೇಲೆ ನೋಡಿದರಾಯಿತು ಅನ್ನುವವರೂ ಇದ್ದಾರೆ. ಹಳೆಯ ಕಚೇರಿ ಬಿಡುಗಡೆ ಮಾಡದೆ ಹೊಸದಕ್ಕೆ ಸೇರಿದರೆ ಪಿಎಫ್‌ನ ಒಂದೇ ಯುಎಎನ್ ಸಂಖ್ಯೆಯ ಕೆಳಗೆ ಎರಡೂ ಕಡೆಯ ತಾರೀಖುಗಳು ಒಂದರ ಮೇಲೊಂದು ಬೀಳುತ್ತವೆ. ರಿಲೀವಿಂಗ್ ಲೆಟರ್ ಕೇಳಿದಾಗ ಕೊಡಲು ಏನೂ ಇರುವುದಿಲ್ಲ.

ಹೊಸ ಕಂಪನಿ ಜುಲೈ 1 ಬಿಟ್ಟು ಆಗಲ್ಲ ಅಂದರೆ? ಆಗ ಉಳಿಯುವುದು ಬೈಔಟ್, ಅಂದರೆ ಬಾಕಿ ನೋಟಿಸಿಗೆ ಹಣ ಕಟ್ಟಿ ಹೊರಬರುವುದು. ಜೂನ್ 30ಕ್ಕೆ ಬಿಡಬೇಕಾದರೆ ನಮ್ಮ ಹುಡುಗಿಗೆ 35 ದಿನ ಕಡಿಮೆ ಬೀಳುತ್ತದೆ. ಮೂಲ ವೇತನ 30,000 ಇದ್ದರೆ ದಿನಕ್ಕೆ 1,000ದಂತೆ 35,000 ರೂಪಾಯಿ. ಇಡೀ ಸಂಬಳದ ಮೇಲೆ ಲೆಕ್ಕ ಹಾಕುವ ಕಚೇರಿಯಾದರೆ ಇನ್ನೂ ಜಾಸ್ತಿ. ಈ ಹಣವನ್ನು ನೀವು ಭರಿಸುತ್ತೀರಾ ಎಂದು ಹೊಸ ಕಂಪನಿಯನ್ನು ಕೇಳಬಹುದು, ಅವಸರ ಅವರದೇ ತಾನೆ. ಆದರೆ ಬೈಔಟ್ ಎಲ್ಲ ಕಡೆ ಹಕ್ಕಲ್ಲ. ನೇಮಕಾತಿ ಪತ್ರದಲ್ಲಿ ಬರೆದಿಲ್ಲದಿದ್ದರೆ ಈಗಿನ ಮ್ಯಾನೇಜರ್ ಒಪ್ಪಬೇಕು. ಅವರನ್ನು ಕೇಳಿದೊಡನೆ ನೀವು ಹೊರಟಿದ್ದೀರಿ ಎಂದು ಗೊತ್ತಾಗುತ್ತದೆ. ಅದಕ್ಕೇ ಜುಲೈ 1 ಕೊನೆಯ ಮಾತು ಎಂದು ಹೊಸ ಕಂಪನಿ ಬರೆದುಕೊಟ್ಟ ಮೇಲೆಯೇ ಆ ಬಾಗಿಲು ತಟ್ಟಿ.

ನಮಸ್ಕಾರ.