ಹಳೇ ನಂಬರ್‌ಗೆ ಒಂದು ಫೋನ್ ಮಾಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಲೆಕ್ಕ ತಪಾಸಣೆ ಮಾಡುವವನು. ಹೆಬ್ಬಾಳ, ಹೂಟಗಳ್ಳಿ, ನಂಜನಗೂಡು ಕಡೆಯ ಸಣ್ಣ ಕಾರ್ಖಾನೆಗಳು, ಮದ್ದೂರಿನ ಒಂದೆರಡು ಅಕ್ಕಿ ಗಿರಣಿಗಳು, ಇವರ ಪುಸ್ತಕ ನೋಡುವುದು ನನ್ನ ಕೆಲಸ. ಇಂಥ ಕಡೆಯೆಲ್ಲ ಒಂದು ಮೇಜು ಇರುತ್ತದೆ. ಅದರ ಮೇಲೆ ಟ್ಯಾಲಿ ಹಾಕಿದ ಕಂಪ್ಯೂಟರ್, ಪಕ್ಕದಲ್ಲಿ ಬಿಲ್ಲುಗಳ ಫೈಲು. ಆ ಮೇಜಿನ ಮುಂದೆ ಕೂತು ದುಡ್ಡು ಕಳಿಸುವವರಿಗೆ ಇವತ್ತಿನ ನನ್ನ ಮಾತು.

ನಿಮಗೆ ಮಾಲು ಕೊಡುವ ಪಾರ್ಟಿಯಿಂದ ಒಂದು ಮೇಲ್ ಬರುತ್ತದೆ. "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಇನ್ನು ಮುಂದೆ ಈ ಹೊಸ ಅಕೌಂಟ್‌ಗೆ ದುಡ್ಡು ಹಾಕಿ" ಅಂತ. ಆಗ ಏನು ಮಾಡಬೇಕು? ಆ ಪಾರ್ಟಿಯ ಹಳೇ ನಂಬರ್‌ಗೆ ಫೋನ್ ಮಾಡಬೇಕು. ಮೇಲ್‌ನಲ್ಲಿರುವ ನಂಬರ್‌ಗಲ್ಲ. ಮೊದಲಿಂದ ನಿಮ್ಮ ಹತ್ತಿರ ಇರುವ ನಂಬರ್‌ಗೆ. ಆ ಫೋನ್ ಆಗುವ ತನಕ ಟ್ಯಾಲಿಯಲ್ಲಿ ಒಂದು ಅಂಕಿಯನ್ನೂ ಬದಲಾಯಿಸಬೇಡಿ.

ಇಷ್ಟೇನಾ ಅಂತ ನಿಮಗೆ ಅನ್ನಿಸಬಹುದು. ಇಷ್ಟೇ. ಆದರೆ ಇಷ್ಟನ್ನು ಮಾಡದೆ ಏನಾಯಿತು ಅಂತ ಒಂದು ಕಡೆಯದನ್ನು ಹೇಳುತ್ತೇನೆ, ಕೇಳಿ.

2023ರಲ್ಲಿ ನಡೆದದ್ದು. ನಮ್ಮ ಮೈಸೂರಿನ ಒಂದು ಅಗರಬತ್ತಿ ಘಟಕ. ಅವರಿಗೆ ರಟ್ಟಿನ ಪೆಟ್ಟಿಗೆ ಬರುವುದು ಬೆಂಗಳೂರು ಪೀಣ್ಯದಿಂದ. ಎಂಟು ವರ್ಷದ ವ್ಯವಹಾರ. ಒಂದು ಗುರುವಾರ ಮಧ್ಯಾಹ್ನ ಪೀಣ್ಯದವರ ಹೆಸರಿನಲ್ಲಿ ಮೇಲ್ ಬಂತು. "ನಮ್ಮ ಹಳೇ ಅಕೌಂಟ್ ಆಡಿಟ್‌ನಲ್ಲಿದೆ. ಅದಕ್ಕೆ ದುಡ್ಡು ಹಾಕಬೇಡಿ. ಬಾಕಿ ಇರುವ ₹6,84,000 ಹೊಸ ಅಕೌಂಟ್‌ಗೆ ಹಾಕಿ, ನಾಳೆಯೊಳಗೆ ಆದರೆ ಉಪಕಾರ" ಅಂತ. ಜೊತೆಗೆ ಲೆಟರ್‌ಹೆಡ್, ಸೀಲು, ಸಹಿ, ಒಂದು ಕ್ಯಾನ್ಸಲ್ ಮಾಡಿದ ಚೆಕ್ಕಿನ ಫೋಟೋ.

ಲೆಕ್ಕ ನೋಡುವ ಮೇಡಂ ಬಹಳ ಹುಷಾರಿನವರು. ಹದಿನೈದು ವರ್ಷದಿಂದ ಅಲ್ಲೇ ಇದ್ದಾರೆ. ಅವರು ಸುಮ್ನೆ ದುಡ್ಡು ಕಳಿಸಲಿಲ್ಲ. ಮೊದಲು ಮೇಲ್ ಐಡಿ ನೋಡಿದರು. ಪೀಣ್ಯದವರದ್ದೇ, ಒಂದಕ್ಷರವೂ ವ್ಯತ್ಯಾಸ ಇಲ್ಲ. ಬಿಲ್ ನಂಬರ್ ನೋಡಿದರು. ಸರಿ ಇದೆ. ಮೊತ್ತ ನೋಡಿದರು. ರೂಪಾಯಿ ಲೆಕ್ಕಕ್ಕೆ ಸರಿ ಇದೆ. ಆಮೇಲೆ ಫೋನನ್ನೂ ಮಾಡಿದರು. ಆದರೆ ಯಾವ ನಂಬರ್‌ಗೆ? ಬಂದ ಲೆಟರ್‌ಹೆಡ್‌ನ ಕೆಳಗಿದ್ದ ಮೊಬೈಲ್ ನಂಬರ್‌ಗೆ. ಆ ಕಡೆಯಿಂದ ಒಬ್ಬರು ಬಹಳ ಮರ್ಯಾದೆಯಿಂದ, "ಹೌದು ಮೇಡಂ, ನಾವೇ ಕಳಿಸಿದ್ದು. ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ" ಅಂದರು. ಶುಕ್ರವಾರ ಆರ್‌ಟಿಜಿಎಸ್ ಆಯಿತು.

ಹತ್ತು ದಿನ ಕಳೆದು ಸೋಮವಾರ ಬೆಳಿಗ್ಗೆ ಪೀಣ್ಯದ ಯಜಮಾನರೇ ಫೋನ್ ಮಾಡಿದರು. "ಏನಮ್ಮಾ, ಈ ಸಲ ತುಂಬಾ ತಡ ಆಯ್ತಲ್ಲ?" ಅಂತ.

ಆ ಮಧ್ಯಾಹ್ನ ನನ್ನನ್ನು ಕರೆಸಿದರು. ಮೇಡಂ ಕಣ್ಣು ಕೆಂಪಗಾಗಿತ್ತು. ಹಳೇ ಬಿಲ್ಲಿನ ಲೆಟರ್‌ಹೆಡ್ ಮತ್ತು ಹೊಸ ಪತ್ರ, ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿದೆವು. ಹಳೇದರಲ್ಲಿ 080 ಅಂತ ಶುರುವಾಗುವ ಲ್ಯಾಂಡ್‌ಲೈನ್ ಇತ್ತು. ಹೊಸದರಲ್ಲಿ ಅದು ಮಾಯ, ಒಂದು ಮೊಬೈಲ್ ನಂಬರ್ ಮಾತ್ರ. ಆಮೇಲೆ ಚೆಕ್ಕಿನ ಫೋಟೋ ದೊಡ್ಡದು ಮಾಡಿದೆವು. ಚೆಕ್ಕಿನ ಕೆಳಗೆ ಬಿಳಿ ಪಟ್ಟಿಯಲ್ಲಿ ಒಂಥರಾ ಚೌಕ ಅಕ್ಷರದ ಅಂಕಿಗಳಿರುತ್ತವೆ, ನೋಡಿದ್ದೀರಲ್ವಾ? ಮೊದಲ ಆರು ಅಂಕಿ ಚೆಕ್ ನಂಬರ್. ಅದರ ಪಕ್ಕದ ಒಂಬತ್ತು ಅಂಕಿ ಎಂಐಸಿಆರ್ ಕೋಡ್. ಅದರಲ್ಲಿ ಮೊದಲ ಮೂರು ಊರು, ನಡುವಿನ ಮೂರು ಬ್ಯಾಂಕು, ಕೊನೆಯ ಮೂರು ಶಾಖೆ. ಊರಿನ ಅಂಕಿ ಪಿನ್‌ಕೋಡಿನ ಹಾಗೇ ಇರುತ್ತದೆ. ಮೈಸೂರಿಗೆ 570, ಬೆಂಗಳೂರಿಗೆ 560. ಪತ್ರದಲ್ಲಿ ಪೀಣ್ಯ ಶಾಖೆ ಅಂತ ಬರೆದಿತ್ತು. ಚೆಕ್ಕಿನ ಕೆಳಗೆ ಇದ್ದದ್ದು 700. ಅದು ಕೋಲ್ಕತ್ತಾ. ಯಾರದೋ ಚೆಕ್ಕಿನ ಫೋಟೋ ಮೇಲೆ ಪೀಣ್ಯದವರ ಹೆಸರು ಕೂರಿಸಿದ್ದರು. ಕೆಳಗಿನ ಪಟ್ಟಿ ತಿದ್ದಲು ಮರೆತಿದ್ದರು.

ಆಮೇಲೆ ಆಡಿಟ್ ಅನ್ನುವ ಆ ಕಾರಣ. ನಾನು ಮೂವತ್ತು ವರ್ಷದಿಂದ ಆಡಿಟ್ ಮಾಡುತ್ತಿದ್ದೇನೆ. ಆಡಿಟ್ ನಡೆಯುತ್ತಿದೆ ಅಂತ ಯಾರೂ ಬ್ಯಾಂಕ್ ಅಕೌಂಟಿಗೆ ದುಡ್ಡು ಬರುವುದನ್ನು ನಿಲ್ಲಿಸುವುದಿಲ್ಲ. ದಯವಿಟ್ಟು ಇದನ್ನು ನೆನಪಿಡಿ. ಆಡಿಟ್ ಇದೆ, ಅಕೌಂಟ್ ಬದಲಾಯಿಸಿ ಅಂತ ಯಾರಾದರೂ ಬರೆದರೆ, ಆ ಮಾತು ಒಂದೇ ಸಾಕು ನೀವು ಪೆನ್ನು ಕೆಳಗಿಡಲು.

ಹಾಗಾದರೆ ಮೇಲ್ ಐಡಿ ಹೇಗೆ ಸರಿ ಇತ್ತು? ಎಲ್ಲರೂ ಎಡವುವುದು ಇಲ್ಲೇ. ಕೆಲವು ಕಳ್ಳರು ಹತ್ತಿರ ಹತ್ತಿರದ ಐಡಿ ಮಾಡುತ್ತಾರೆ. `.com` ಇದ್ದ ಕಡೆ `.co` ಹಾಕುತ್ತಾರೆ, `m` ಇದ್ದ ಕಡೆ `rn` ಹಾಕುತ್ತಾರೆ. ಅಂಥದ್ದನ್ನು ಗಮನವಿಟ್ಟರೆ ಹಿಡಿಯಬಹುದು. ಇಲ್ಲಿ ಹಾಗಲ್ಲ. ಪೀಣ್ಯದವರ ಮೇಲ್ ಪಾಸ್‌ವರ್ಡೇ ಕಳ್ಳರ ಕೈಗೆ ಸಿಕ್ಕಿತ್ತು. ಅವರು ಒಳಗೆ ಕೂತು ಹಳೇ ಮೇಲ್‌ಗಳನ್ನೆಲ್ಲ ಓದಿ, ಯಾವ ಬಿಲ್ ಯಾವತ್ತು ಪಾಸಾಗುತ್ತದೆ ಅಂತ ತಿಳಿದುಕೊಂಡು, ಸರಿಯಾದ ಹೊತ್ತಿಗೆ ಅದೇ ಐಡಿಯಿಂದ ಬರೆದಿದ್ದರು. ಪೀಣ್ಯದವರಿಗೆ ಗೊತ್ತಾಗದ ಹಾಗೆ ಮೇಲ್ ಸೆಟ್ಟಿಂಗ್‌ನಲ್ಲಿ ಒಂದು ರೂಲ್ ಬರೆದಿಟ್ಟಿದ್ದರು. ಮೈಸೂರಿನಿಂದ ಏನು ಬಂದರೂ ಇನ್‌ಬಾಕ್ಸ್‌ಗೆ ಬಾರದೆ `RSS Feeds` ಅನ್ನುವ, ಯಾರೂ ತೆರೆದು ನೋಡದ ಫೋಲ್ಡರ್‌ಗೆ ಹೋಗುತ್ತಿತ್ತು. ಮೇಡಂ ಮೇಲ್‌ನಲ್ಲೇ "ಇದು ನಿಜಾನಾ?" ಅಂತ ಕೇಳಿದ್ದರೂ ಉತ್ತರ ಕೊಡುತ್ತಿದ್ದದ್ದು ಕಳ್ಳನೇ.

ಅದಕ್ಕೇ ಹಳೇ ನಂಬರ್ ಅಂತ ನಾನು ಹಟ ಹಿಡಿದು ಹೇಳುವುದು. ಮೇಲ್ ಕಳ್ಳನ ಕೈಲಿರಬಹುದು, ಪತ್ರ ಅವನೇ ಬರೆದಿರಬಹುದು, ಪತ್ರದಲ್ಲಿರುವ ನಂಬರ್ ಅವನದ್ದೇ ಆಗಿರಬಹುದು. ನಿಮ್ಮ ಹಳೇ ಬಿಲ್ಲಿನ ಮೇಲೆ ಅಚ್ಚಾಗಿರುವ ನಂಬರನ್ನು ಮಾತ್ರ ಅವನು ಬದಲಾಯಿಸಲಾರ. ಆ ದಿನ ನನ್ನ ಹೊಟ್ಟೆ ಉರಿದದ್ದು ಯಾಕೆ ಗೊತ್ತಾ? ಮೇಡಂ ಮೇಜಿನಿಂದ ಹತ್ತು ಹೆಜ್ಜೆ ದೂರದಲ್ಲಿ ಸ್ಟೋರ್ಸ್ ರೂಮು. ಅಲ್ಲಿನ ಹುಡುಗ ಪೆಟ್ಟಿಗೆ ಆರ್ಡರ್ ಹಾಕಲು ವಾರಕ್ಕೆ ಎರಡು ಸಲ ಪೀಣ್ಯದ ಯಜಮಾನರ ಜೊತೆ ಮಾತಾಡುತ್ತಿದ್ದ. ಅವರ ನಂಬರ್ ಅವನ ಮೊಬೈಲ್‌ನಲ್ಲೇ ಇತ್ತು. ಯಾರೂ ಅವನನ್ನು ಕೇಳಲಿಲ್ಲ.

ದುಡ್ಡು ವಾಪಸ್ ಬರಲಿಲ್ಲ. ಹತ್ತು ದಿನದಲ್ಲಿ ಅದು ನಾಲ್ಕಾರು ಅಕೌಂಟ್ ದಾಟಿ ಖಾಲಿಯಾಗಿತ್ತು. ಪೀಣ್ಯದವರಿಗೆ ಅವರ ಬಿಲ್ಲಿನ ದುಡ್ಡು ಕೊಡಲೇಬೇಕಲ್ಲ. ಘಟಕದವರು ಮೂರು ಕಂತಿನಲ್ಲಿ ಎರಡನೇ ಸಲ ಕಟ್ಟಿದರು.

ಕತೆ ಉದ್ದವಾಯಿತು, ನನಗೆ ಉಳಿದ ಹೊತ್ತು ಕಡಿಮೆ. ಫೋನ್ ಮಾಡಿದಾಗ ಏನು ಕೇಳಬೇಕು ಅಂತ ಬೇಗ ಹೇಳಿಬಿಡುತ್ತೇನೆ. ಹೊಸ ಅಕೌಂಟ್ ನಂಬರನ್ನು ನೀವೇ ಓದಿ "ಇದು ಸರೀನಾ?" ಅಂತ ಕೇಳಬೇಡಿ. ಕೆಲಸದ ಗಡಿಬಿಡಿಯಲ್ಲಿ ಆ ಕಡೆಯವರು "ಹ್ಞೂಂ ಹ್ಞೂಂ" ಅಂದುಬಿಡುತ್ತಾರೆ. "ಅಕೌಂಟ್ ಬದಲಾಯಿಸಿದ್ದೀರಾ? ಯಾವ ಬ್ಯಾಂಕು? ಕೊನೇ ನಾಲ್ಕು ಅಂಕಿ ನೀವೇ ಹೇಳಿ" ಅನ್ನಿ. ನಿಜವಾಗಿ ಬದಲಾಯಿಸಿದವರು ಥಟ್ಟನೆ ಹೇಳುತ್ತಾರೆ. ಅವರೇ ನಿಮಗೆ ಫೋನ್ ಮಾಡಿ ಹೇಳಿದರೆ ಅದು ಲೆಕ್ಕಕ್ಕಿಲ್ಲ. "ಸರಿ ಸರ್, ನಾನೇ ಮಾಡುತ್ತೇನೆ" ಅಂತ ಇಟ್ಟು, ಹಳೇ ನಂಬರ್‌ಗೆ ನೀವೇ ಮಾಡಿ. ಮಾತಾಡಿದ್ದು ಯಾರ ಜೊತೆ, ಎಷ್ಟು ಗಂಟೆಗೆ ಅಂತ ಆ ಪತ್ರದ ಮೇಲೇ ಬರೆದು ಫೈಲ್ ಮಾಡಿ. ಅಕೌಂಟ್ ತಿದ್ದುವವರು ಒಬ್ಬರು, ದುಡ್ಡು ಬಿಡುವವರು ಇನ್ನೊಬ್ಬರು ಇರಲಿ. ಇಬ್ಬರೇ ಇರುವ ಆಫೀಸಿನಲ್ಲೂ ಇದು ಸಾಧ್ಯ.

ಯಾರೂ ಫೋನ್ ಎತ್ತದಿದ್ದರೆ? ಕಾಯಿರಿ. ಮಾಲು ಕೊಟ್ಟವರು ಎರಡು ದಿನ ತಡೆದುಕೊಳ್ಳುತ್ತಾರೆ. ತೀರಾ ಅವಸರವಿದ್ದರೆ ಹಳೇ ಅಕೌಂಟ್‌ಗೇ ಹಾಕಿ. ಅದು ನಿಜವಾಗಿ ಮುಚ್ಚಿದ್ದರೆ ದುಡ್ಡು ನಿಮಗೇ ವಾಪಸ್ ಬರುತ್ತದೆ. ಕಳ್ಳನ ಅಕೌಂಟ್‌ಗೆ ಹೋದದ್ದು ಹಾಗೆ ಬರುವುದಿಲ್ಲ.

ಈಗ ಬ್ಯಾಂಕಿನವರೇ ಹೆಸರು ತೋರಿಸುತ್ತಾರಲ್ಲ ಅಂತ ಕೆಲವರು ನನ್ನ ಹತ್ತಿರ ವಾದ ಮಾಡುತ್ತಾರೆ. ತೋರಿಸುತ್ತಾರೆ, ಒಳ್ಳೆಯದೇ. ಮೊದಲು ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಎರಡರಲ್ಲೂ ದುಡ್ಡು ಜಮಾ ಆಗುತ್ತಿದ್ದದ್ದು ಅಕೌಂಟ್ ನಂಬರ್ ನೋಡಿ ಮಾತ್ರ. ನೀವು ಹೆಸರು ಏನು ಬರೆದರೂ ನಡೆಯುತ್ತಿತ್ತು. 2025ರ ಏಪ್ರಿಲ್ 1ರೊಳಗೆ ಹೆಸರು ತೋರಿಸುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತು. ಹಾಗಾಗಿ ಪಾರ್ಟಿಯನ್ನು ಸೇರಿಸುವಾಗ ಪರದೆಯ ಮೇಲೆ ಬರುವ ಹೆಸರನ್ನು ಅಕ್ಷರ ಅಕ್ಷರ ಓದಿ. ಕಂಪನಿ ಹೆಸರಿನ ಬದಲು ಯಾರದೋ ಒಬ್ಬರ ಸ್ವಂತ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಆದರೆ ಹೆಸರು ಸರಿ ಬಂತು ಅಂತ ಫೋನ್ ಬಿಡಬೇಡಿ. ಅದೇ ಥರದ ಹೆಸರಿನಲ್ಲಿ ಕರೆಂಟ್ ಅಕೌಂಟ್ ತೆರೆಯುವ ಕಳ್ಳರೂ ಇದ್ದಾರೆ. ಒಂದು ರೂಪಾಯಿ ಹಾಕಿ ನೋಡುವುದೂ ಹಾಗೇ. "ಬಂತು ಸರ್" ಅಂತ ಮೇಲ್‌ನಲ್ಲಿ ಬರೆಯಲು ಕಳ್ಳನಿಗೇನು ಕಷ್ಟ? ಆ ರೂಪಾಯಿ ಬಂತಾ ಅಂತ ಕೇಳಬೇಕಾದ್ದೂ ಹಳೇ ನಂಬರ್‌ಗೇ.

ದುಡ್ಡು ಆಗಲೇ ಹೋಗಿದ್ದರೆ ಯಜಮಾನರಿಗೆ ಹೇಗೆ ಹೇಳಲಿ ಅಂತ ಹೆದರಿ ಕೂರಬೇಡಿ. ಆ ಕ್ಷಣವೇ ನಿಮ್ಮ ಬ್ಯಾಂಕಿಗೆ ಹೇಳಿ, 1930ಕ್ಕೆ ಫೋನ್ ಮಾಡಿ, `cybercrime.gov.in` ನಲ್ಲಿ ದೂರು ಹಾಕಿ. ಯುಟಿಆರ್ ನಂಬರ್, ಮೊತ್ತ, ದುಡ್ಡು ಹೋದ ಗಂಟೆ, ಹೋದ ಅಕೌಂಟ್ ನಂಬರ್, ಇವು ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನ್ ಹಚ್ಚಿ, ಕೇಳಿದ ತಕ್ಷಣ ಹೇಳಬಹುದು. ದುಡ್ಡು ಇನ್ನೂ ಆ ಅಕೌಂಟ್‌ನಲ್ಲೇ ಇದ್ದರೆ ಅದನ್ನು ಅಲ್ಲೇ ತಡೆಹಿಡಿಯಲು ಆಗುತ್ತದೆ. ಆಮೇಲೆ ಪಾರ್ಟಿಗೂ ಫೋನ್ ಮಾಡಿ ಮೇಲ್ ಪಾಸ್‌ವರ್ಡ್ ಬದಲಾಯಿಸಲು, ಮೇಲ್ ರೂಲ್‌ಗಳನ್ನು ತೆಗೆದು ನೋಡಲು ಹೇಳಿ. ಕಳ್ಳ ಇನ್ನೂ ಒಳಗೇ ಕೂತಿದ್ದರೆ ಅವರ ಉಳಿದ ಗಿರಾಕಿಗಳಿಗೂ ಅಂಥದ್ದೇ ಪತ್ರ ಹೋಗುತ್ತಿರುತ್ತದೆ.

ಆ ಅಗರಬತ್ತಿ ಘಟಕದ ಮೇಡಂ ಈಗಲೂ ಅಲ್ಲೇ ಇದ್ದಾರೆ. ಅವರ ಕಂಪ್ಯೂಟರ್ ಪಕ್ಕ ಒಂದು ಉದ್ದ ನೋಟ್‌ಬುಕ್ ಇದೆ. ಎಲ್ಲಾ ಪಾರ್ಟಿಗಳ ಫೋನ್ ನಂಬರನ್ನು ಹಳೇ ಬಿಲ್ಲುಗಳಿಂದ ನೋಡಿ ಕೈಯಲ್ಲಿ ಬರೆದಿದ್ದಾರೆ. ಹೋದ ವರ್ಷ ಒಬ್ಬ ಪಾರ್ಟಿ ನಿಜವಾಗಿಯೇ ಬ್ಯಾಂಕ್ ಬದಲಾಯಿಸಿದರು. ಮೇಡಂ ನೋಟ್‌ಬುಕ್ ನೋಡಿ ಫೋನ್ ಮಾಡಿದರು, ಕೊನೇ ನಾಲ್ಕು ಅಂಕಿ ಕೇಳಿದರು, ಸರಿ ಹೋಯಿತು. ಮೂರು ನಿಮಿಷ ಹಿಡಿಯಿತಂತೆ.

ನಮಸ್ಕಾರ.